ಲಾರಿ ಹತ್ತೋದು, ಮನೇಲೇ ಉಳಿಯೋದು: ಮನೆ ಫೋಟೊದಲ್ಲಿ ಏನನ್ನು ಅಳಿಸಬಹುದು?

ನಮ್ಮ ಹಾಸನದ ಕಡೆ ಮನೆ ಬಾಡಿಗೆಗೋ ಮಾರಾಟಕ್ಕೋ ಇದೆ ಅಂದ್ರೆ ಮೊದಲೆಲ್ಲ ಗೇಟಿಗೆ ಒಂದು ಬೋರ್ಡ್ ನೇತು ಹಾಕ್ತಿದ್ದರು. ಈಗಲೂ ಹಾಕ್ತಾರೆ. ಆದರೆ ಬೋರ್ಡಿಗಿಂತ ಮೊದಲು ಹತ್ತು ಹನ್ನೆರಡು ಫೋಟೊ ವಾಟ್ಸಾಪಿನಲ್ಲಿ ಹೊರಟುಬಿಟ್ಟಿರುತ್ತವೆ. ನೋಡುವವರು ಬೆಂಗಳೂರಿನಲ್ಲಿ ಊಟದ ಬಿಡುವಿನಲ್ಲಿ ಮೊಬೈಲ್ ಹಿಡಿದು ಕೂತಿರುತ್ತಾರೆ. ಸುಮಾರು 180 ಕಿಲೋಮೀಟರ್ ದೂರದ ಹಾಸನಕ್ಕೆ ಶನಿವಾರ ಬಸ್ ಹತ್ತಬೇಕೋ ಬೇಡವೋ ಅನ್ನೋದನ್ನ ಆ ಫೋಟೊಗಳೇ ತೀರ್ಮಾನ ಮಾಡುತ್ತವೆ. 'ಬೇರೆಯವರಿಗೆ ಹೋಗಿಬಿಟ್ಟೀತು' ಅನ್ನೋ ಆತಂಕದಲ್ಲಿ ಮನೆ ನೋಡುವ ಮೊದಲೇ ಟೋಕನ್ ಅಡ್ವಾನ್ಸ್ ಕಳಿಸುವವರೂ ಇದ್ದಾರೆ.

ಮದುವೆ, ನಾಮಕರಣದ ಫೋಟೊ ತೆಗೆಯೋದು ನನ್ನ ಕಸುಬು. ಮದುವೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮನೆಗಳ ಫೋಟೊ ತೆಗೆಯುತ್ತೇನೆ. ಹೋದ ಕಡೆಯೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, "ಈ ಸಾಮಾನೆಲ್ಲ ಕಾಣದ ಹಾಗೆ ಮಾಡಿಕೊಡಿ." ಇನ್ನೊಂದು, "ಹಾಗೇ ಆ ಗೋಡೆ ಕಲೆನೂ ಒರೆಸಿಬಿಡಿ." ಎರಡಕ್ಕೂ ಮೊಬೈಲಿನಲ್ಲಿ ಬೆರಳಾಡಿಸುವ ಕೆಲಸ ಒಂದೇ, ಒಂದು ನಿಮಿಷವೂ ಬೇಡ. ಆದರೆ ಮೊದಲನೆಯದು ಮನೆಯನ್ನು ಓರಣ ಮಾಡೋದು, ಎರಡನೆಯದು ಮನೆಯನ್ನೇ ಬದಲಾಯಿಸೋದು. ಇವೆರಡರ ನಡುವಿನ ಗೆರೆ ಎಲ್ಲಿದೆ ಅಂತ ತಿಳಿದುಕೊಂಡರೆ ಮನೆ ಕೊಡುವವರಿಗೂ ಒಳ್ಳೆಯದು, ನೋಡುವವರಿಗೂ ಒಳ್ಳೆಯದು.

ಲಾರಿ ಲೆಕ್ಕ

ನಾನು ಇಟ್ಟುಕೊಂಡಿರುವ ಲೆಕ್ಕ ತುಂಬಾ ಸರಳ. ಮನೆ ಖಾಲಿ ಮಾಡುವ ದಿನ ಬಾಗಿಲಿಗೆ ಲಾರಿ ಬಂದು ನಿಲ್ಲುತ್ತಲ್ಲ, ಆ ಲಾರಿ ಹತ್ತಿ ಹೋಗುವ ಸಾಮಾನನ್ನು ಫೋಟೊದಿಂದ ತೆಗೆಯಬಹುದು. ಲಾರಿ ಹೋದ ಮೇಲೂ ಮನೆಯಲ್ಲೇ ಉಳಿಯುವುದನ್ನು ಮುಟ್ಟಬಾರದು.

ಕ್ಯಾಲೆಂಡರ್, ಒಣಗಲು ಹಾಕಿದ ಬಟ್ಟೆ, ಮಾತ್ರೆ ಡಬ್ಬಿ, ಚಪ್ಪಲಿ, ಮಕ್ಕಳ ಸೈಕಲ್ ಇವೆಲ್ಲ ಲಾರಿ ಹತ್ತುತ್ತವೆ. ಗೋಡೆಯ ಬಿರುಕು, ತೇವದ ಕಲೆ, ಒಡೆದ ಟೈಲ್, ಕಿಟಕಿಯ ಸರಳಿನ ತುಕ್ಕು ಲಾರಿ ಹತ್ತುವುದಿಲ್ಲ. ಕಿಟಕಿ ಆಚೆ ಕಾಣುವ ಟ್ರಾನ್ಸ್‌ಫಾರ್ಮರ್ ಕೂಡ ಹತ್ತುವುದಿಲ್ಲ. ಏಸಿ, ಗೀಸರ್, ಸೋಲಾರ್ ವಾಟರ್ ಹೀಟರ್ ಇಂಥವು ನಡುವಿನಲ್ಲಿ ನಿಲ್ಲುತ್ತವೆ. ಅವನ್ನು ಬಿಟ್ಟು ಹೋಗ್ತೀರೋ ತಗೊಂಡು ಹೋಗ್ತೀರೋ ಅಂತ ಮಾಲೀಕರನ್ನು ಮೊದಲೇ ಕೇಳಿ, ಫೋಟೊ ಕೆಳಗೆ ಒಂದು ಸಾಲು ಬರೆದುಬಿಡಬೇಕು. ಇಲ್ಲದಿದ್ದರೆ ಫೋಟೊದಲ್ಲಿ ಕಂಡ ಗೀಸರಿಗೆ ಆಮೇಲೆ ಜಗಳ ಶುರುವಾಗುತ್ತೆ.

ಈ ಲೆಕ್ಕಕ್ಕೆ ಒಂದು ಬಾಲವೂ ಇದೆ. ಲಾರಿ ಹತ್ತುವ ಸಾಮಾನಾದರೂ ದೊಡ್ಡದಾಗಿದ್ದರೆ ಮೊಬೈಲಿನಲ್ಲಿ ಅಳಿಸಬಾರದು, ಕೈಯಿಂದ ಸರಿಸಿಯೇ ಫೋಟೊ ತೆಗೆಯಬೇಕು. ಯಾಕೆ ಅನ್ನೋದು ಹೊಳೆನರಸೀಪುರದ ಒಂದು ಮನೆಯ ಕೆಲಸ ಹೇಳಿದರೆ ಅರ್ಥವಾಗುತ್ತೆ.

ಹೊಳೆನರಸೀಪುರದ ಹಾಲ್

30x40 ಸೈಟಿನಲ್ಲಿ ಕಟ್ಟಿದ ಎರಡು ಬೆಡ್‌ರೂಮಿನ ಮನೆ. ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು ಇದ್ದರು. ಮಗನ ಜೊತೆ ಇರೋದಕ್ಕೆ ಬೆಂಗಳೂರಿಗೆ ಹೊರಟಿದ್ದರಿಂದ ಮನೆ ಮಾರಾಟಕ್ಕಿಟ್ಟಿದ್ದರು. ಹಾಲ್ ಸುಮಾರು 12 ಅಡಿ ಅಗಲ, 16 ಅಡಿ ಉದ್ದ. ಮೂವತ್ತು ವರ್ಷದ ಸಂಸಾರ ಅಲ್ಲಿತ್ತು. ದಿವಾನ್ ಕಾಟ್, ಕಬ್ಬಿಣದ ಬೀರು, ಷೋಕೇಸ್ ತುಂಬ ಮೊಮ್ಮಕ್ಕಳ ಫೋಟೊ, ಗೋಡೆಗೆ ಮೂರು ಕ್ಯಾಲೆಂಡರ್, ಬಾಗಿಲ ಪಕ್ಕ ಕೀ ಗೊಂಚಲು, ಟಿವಿ ಮೇಲೆ ಬಿಪಿ ಮಾತ್ರೆ.

ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಎರಡು ದೊಡ್ಡ ಪ್ಲಾಸ್ಟಿಕ್ ಬುಟ್ಟಿ ಕೇಳಿದೆ. ಮುಕ್ಕಾಲು ಗಂಟೆ ಬರೀ ಎತ್ತಿಡುವ ಕೆಲಸ. ಒಂದು ಕೋಣೆಯ ಸಾಮಾನು ಬುಟ್ಟಿಗೆ ತುಂಬಿ ಪಕ್ಕದ ಕೋಣೆಯಲ್ಲಿಡೋದು, ಫೋಟೊ ತೆಗೆಯೋದು, ಆಮೇಲೆ ಆ ಬುಟ್ಟಿಯನ್ನು ಈ ಕಡೆ ತಂದು ಆ ಕೋಣೆಯ ಫೋಟೊ ತೆಗೆಯೋದು. ಕೈಯಿಂದ ಒಂದು ವಸ್ತು ಎತ್ತಿಟ್ಟರೆ ಅದರ ನೆರಳೂ ಹೋಗುತ್ತೆ, ಹಿಂದಿನ ಗೋಡೆ ನಿಜವಾಗಿ ಹೇಗಿದೆಯೋ ಹಾಗೇ ಫೋಟೊದಲ್ಲಿ ಬರುತ್ತೆ. ಮೊಬೈಲಿನಲ್ಲಿ ಅಳಿಸಿದರೆ ಹಾಗಾಗಲ್ಲ. ಬೀರುವಿನ ಹಿಂದೆ ಏನಿದೆ ಅಂತ ಮೊಬೈಲಿಗೆ ಗೊತ್ತಿಲ್ಲ. ಅದು ಅಕ್ಕಪಕ್ಕದ ಗೋಡೆ ನೋಡಿ, ಇಲ್ಲೂ ಹೀಗೇ ಇರಬಹುದು ಅಂತ ಒಂದು ಗೋಡೆ ಬರೆದುಬಿಡುತ್ತೆ. ಆರಡಿ ಎತ್ತರದ ಬೀರು ಅಳಿಸಿದರೆ ಆರಡಿ ಎತ್ತರದ, ಇಲ್ಲದ ಗೋಡೆ ಹುಟ್ಟುತ್ತೆ. ಅದಕ್ಕೇ ದೊಡ್ಡ ಸಾಮಾನನ್ನು ಸರಿಸಬೇಕು, ಸರಿಸಲು ಆಗದಿದ್ದರೆ ಇದ್ದ ಹಾಗೇ ಬಿಡಬೇಕು. ಬೀರು ಇರುವ ಹಾಲ್ ನೋಡಿ ಯಾರೂ ಮನೆ ಬೇಡ ಅನ್ನಲ್ಲ.

ಆ ಮನೆಯಲ್ಲಿ ಬೀರು ಸರಿಸಿದೆವು. ಹಿಂದಿನ ಗೋಡೆಯ ಕೆಳಭಾಗದಲ್ಲಿ, ನೆಲದಿಂದ ಎರಡು ಅಡಿವರೆಗೆ ಬಣ್ಣ ಉಬ್ಬಿ, ಉಪ್ಪು ಮೆತ್ತಿದ ಹಾಗೆ ಬಿಳಿ ಪುಡಿ ಕೂತಿತ್ತು. ಗೋಡೆಯ ಆ ಕಡೆ ಬಾತ್‌ರೂಮು. ಅದರ ವಿಷಯಕ್ಕೆ ಆಮೇಲೆ ಬರ್ತೀನಿ.

ಯಾವುದನ್ನು ಮೊದಲು ಎತ್ತಿಡಬೇಕು

ಎತ್ತಿಡೋದು ಬರೀ ಅಂದಕ್ಕಲ್ಲ. ಮನೆ ಫೋಟೊ ಒಂದು ಸಲ ಹೊರಟರೆ ಎಷ್ಟು ಗ್ರೂಪಿಗೆ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ. ಅದರಲ್ಲಿ ನಿಮ್ಮ ಮನೆಯ ಗುಟ್ಟು ಹೋಗಬಾರದು.

ಮೊದಲು ಕೀ ಗೊಂಚಲು. ಈಗಿನ ಮೊಬೈಲ್ ಫೋಟೊ ಜೂಮ್ ಮಾಡಿದರೆ ಕೀಯ ಹಲ್ಲು ಸ್ಪಷ್ಟವಾಗಿ ಕಾಣುತ್ತೆ, ಫೋಟೊ ನೋಡಿ ಕೀ ಮಾಡಿಸುವುದು ಆಗದ ಮಾತೇನಲ್ಲ. ಆಮೇಲೆ ಅಕ್ಷರ ಇರುವ ಕಾಗದಗಳು: ಕರೆಂಟ್ ಬಿಲ್ಲು, ಗ್ಯಾಸ್ ಪುಸ್ತಕ, ಫ್ರಿಜ್ಜಿಗೆ ಅಂಟಿಸಿದ ಫೋನ್ ನಂಬರ್, ವೈಫೈ ಪೆಟ್ಟಿಗೆಯ ಮೇಲಿನ ಪಾಸ್‌ವರ್ಡ್ ಚೀಟಿ, ಗೋಡೆಗೆ ತೂಗುಹಾಕಿದ ಮಾರ್ಕ್ಸ್ ಕಾರ್ಡು. ಮೂರನೆಯದು ಮಕ್ಕಳಿಗೆ ಸಂಬಂಧಿಸಿದ್ದು: ಮುಖ ಕಾಣುವ ಫೋಟೊ, ಶಾಲೆಯ ಹೆಸರಿರುವ ಬ್ಯಾಗು, ಯೂನಿಫಾರ್ಮು. ನಾಲ್ಕನೆಯದು ಔಷಧಿ. ಯಾರಿಗೆ ಏನು ಕಾಯಿಲೆ ಅಂತ ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಎರಡು ಕಡೆ ಮಾತ್ರ ನಾನು ಕೈ ಹಾಕುವುದಿಲ್ಲ. ಒಂದು ದೇವರ ಕೋಣೆ. ಅಲ್ಲಿನ ಪಟ, ದೀಪ ಸರಿಸಿ ಅಂತ ಹೇಳುವುದಿಲ್ಲ. ಫೋಟೊ ತೆಗೀಬಹುದಾ ಅಂತ ಕೇಳುತ್ತೇನೆ, ಬೇಡ ಅಂದರೆ ಬಾಗಿಲು ಮುಚ್ಚಿ ಅಳತೆಯನ್ನು ಮಾತ್ರ ಬರೆಯುತ್ತೇನೆ. ಇನ್ನೊಂದು, ಹಾರ ಹಾಕಿದ ಹಿರಿಯರ ಫೋಟೊ. ಮೇಷ್ಟ್ರ ಮನೆಯಲ್ಲಿ ಅವರ ತಾಯಿಯ ಫೋಟೊ ಹಾಲ್‌ನ ನಟ್ಟನಡುವಿನ ಗೋಡೆಯಲ್ಲಿತ್ತು. ಅದನ್ನು ಇಳಿಸಲಿಲ್ಲ, ಅಳಿಸಲೂ ಇಲ್ಲ. ಎರಡು ಹೆಜ್ಜೆ ಬಲಕ್ಕೆ ಸರಿದು ನಿಂತೆ, ಆ ಗೋಡೆ ಓರೆಯಾಗಿ ಬಂತು, ಉಳಿದ ಚೂರು ಮುಖವನ್ನು ಮಸುಕು ಮಾಡಿದೆ. ಮಸುಕು ಮಾಡೋದರಲ್ಲಿ ಒಂದು ಅನುಕೂಲ ಇದೆ: ಇಲ್ಲೇನೋ ಇತ್ತು, ಬೇಕಂತಲೇ ಮರೆಮಾಡಿದ್ದಾರೆ ಅಂತ ನೋಡುವವರಿಗೆ ನೇರವಾಗಿ ಗೊತ್ತಾಗುತ್ತೆ. ಸುಳ್ಳಿಗೆ ಜಾಗವೇ ಇಲ್ಲ.

ಕಣ್ಣಿಗೆ ಕಾಣದ ಒಂದು ಮಾಹಿತಿಯೂ ಇದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಮನೆ ಇರುವ ಜಾಗ ಫೋಟೊ ಫೈಲಿನೊಳಗೇ ಸೇರಿರುತ್ತೆ. ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಅದು ಹೋಗಿಬಿಡುತ್ತೆ. ಆದರೆ ಕ್ಲಾರಿಟಿ ಚೆನ್ನಾಗಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತೆ, ಲೊಕೇಶನ್ ಸಮೇತ. ವಯಸ್ಸಾದವರೇ ಇರುವ ಮನೆಯಾದರೆ ಫೋಟೊ ತೆಗೆಯುವ ಮೊದಲೇ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿಬಿಡಿ.

ಬೆರಳಿನ ಕೆಲಸ ಎಲ್ಲಿವರೆಗೆ

ಇಷ್ಟೆಲ್ಲ ಎತ್ತಿಟ್ಟ ಮೇಲೆ ಅಳಿಸೋದಕ್ಕೆ ಉಳಿಯೋದು ತುಂಬಾ ಕಡಿಮೆ. ಮೇಷ್ಟ್ರ ಹಾಲ್‌ನಲ್ಲಿ ಉಳಿದಿದ್ದು ಮೂರೇ: ಕ್ಯಾಲೆಂಡರ್ ತೆಗೆದ ಮೇಲೆ ಕಾಣುತ್ತಿದ್ದ ದಾರ, ಟಿವಿ ಕೆಳಗೆ ಇಳಿಬಿದ್ದಿದ್ದ ವೈರ್, ಮೂಲೆಯಲ್ಲಿ ಮರೆತಿದ್ದ ಒಂದು ಚಪ್ಪಲಿ.

ಅಳಿಸುವ ಮೊದಲು ಮೂಲ ಫೋಟೊದ ಒಂದು ಕಾಪಿ ಬೇರೆ ಫೋಲ್ಡರಿನಲ್ಲಿ ಇಡುತ್ತೇನೆ. ಸ್ನ್ಯಾಪ್‌ಸೀಡ್ ಆ್ಯಪಿನ Healing ನಲ್ಲಿ ಕೆಲಸ ಮಾಡುವಾಗ ಫೋಟೊವನ್ನು ದೊಡ್ಡದು ಮಾಡಿಕೊಳ್ಳಬೇಕು, ಜೂಮ್ ಮಾಡಿದಷ್ಟೂ ಬೆರಳಿನ ಗುರುತು ಫೋಟೊ ಮೇಲೆ ಸಣ್ಣದಾಗಿ ಬೀಳುತ್ತೆ. ವಸ್ತುವಿಗಿಂತ ಒಂದು ಕೂದಲೆಳೆ ಅಗಲವಾಗಿ, ಅದರ ನೆರಳನ್ನೂ ಸೇರಿಸಿ ಉಜ್ಜಬೇಕು. ಉದ್ದದ ವೈರನ್ನು ಒಂದೇ ಎಳೆತದಲ್ಲಿ ಅಳಿಸಲು ಹೋದರೆ ಗೋಡೆ ಕಲಸಿದ ಹಾಗಾಗುತ್ತೆ, ತುಂಡುತುಂಡಾಗಿ ಅಳಿಸಬೇಕು.

ಸಪಾಟಾದ ಸುಣ್ಣದ ಗೋಡೆ ಮೇಲಿನ ದಾರ ಸುಲಭವಾಗಿ ಹೋಯಿತು. ವೈರೂ ಹೋಯಿತು. ಚಪ್ಪಲಿ ಇದ್ದದ್ದು ಮೊಸಾಯಿಕ್ ನೆಲದ ಮೇಲೆ. ಅಳಿಸಿದರೆ ಚುಕ್ಕಿಗಳು ಕಲಸಿಕೊಂಡು ಅಲ್ಲೊಂದು ಮಬ್ಬು ಮಚ್ಚೆ ಬಿತ್ತು. ನೋಡುವವರು ಅದನ್ನು ನೆಲ ಒಡೆದಿದೆ ಅಂತಲೇ ತಿಳಿದಾರು. ಅದನ್ನು ಬಿಟ್ಟು, ಚಪ್ಪಲಿ ಆಚೆ ಇಟ್ಟು ಇನ್ನೊಂದು ಫೋಟೊ ತೆಗೆದೆ. ಮೊಸಾಯಿಕ್, ಗೆರೆ ಇರುವ ಟೈಲ್ಸ್, ಗ್ರಾನೈಟ್, ಹಳೆ ಮನೆಗಳ ರೆಡ್ ಆಕ್ಸೈಡ್ ನೆಲದ ಹೊಳಪು ಇವುಗಳ ಮೇಲೆ ಅಳಿಸುವ ಕೆಲಸ ಸಾಮಾನ್ಯವಾಗಿ ಹೊಂದುವುದಿಲ್ಲ.

ಬೆಳಕು ಸ್ವಲ್ಪ ಏರಿಸೋದು, ಟ್ಯೂಬ್‌ಲೈಟಿನ ನೀಲಿ ಛಾಯೆ ತೆಗೆಯೋದು, ಓರೆಯಾಗಿ ಬಂದ ಗೋಡೆಯನ್ನು ನೇರ ಮಾಡೋದು ತಪ್ಪಲ್ಲ. ಕಣ್ಣಿಗೆ ಕಂಡ ಹಾಗೇ ಫೋಟೊದಲ್ಲೂ ಕಾಣಲಿ ಅನ್ನೋದಕ್ಕೆ ಅದು ಬೇಕು. ಆದರೆ ಬೆಳಕು ಏರಿಸುತ್ತಾ ಏರಿಸುತ್ತಾ ಗೋಡೆಯ ಕಲೆಯೇ ಕರಗಿಹೋಯ್ತು ಅಂದ್ರೆ ಅದೂ ಅಳಿಸಿದ ಹಾಗೇ ಲೆಕ್ಕ.

"ಅದನ್ನೂ ಒರೆಸಿಬಿಡಪ್ಪ"

ಈಗ ಬೀರುವಿನ ಹಿಂದಿನ ಗೋಡೆಗೆ ಬರೋಣ. ಮೇಷ್ಟ್ರ ಮನೆಯವರು ಮೊದಲು ಹೇಳಿದ್ದು, "ಬೀರು ವಾಪಸ್ ಅಲ್ಲೇ ಇಟ್ಟು ತೆಗೆದುಬಿಡಪ್ಪ." ಆಮೇಲೆ, "ಇಲ್ಲಾಂದ್ರೆ ಅದನ್ನೂ ಒರೆಸಿಬಿಡಪ್ಪ, ಬಣ್ಣ ಹೊಡೆಸಿದ್ರೆ ಹೆಂಗಿದ್ರೂ ಹೋಗುತ್ತಲ್ಲ."

"ಬಣ್ಣ ಹೊಡೆಸಿದರೂ ಹೋಗಲ್ಲ ಅಮ್ಮ" ಅಂದೆ. ಬಾತ್‌ರೂಮಿನ ಟೈಲ್ಸ್ ಸಂದಿಯಿಂದಲೋ ಪೈಪಿನ ಜಾಯಿಂಟಿನಿಂದಲೋ ನೀರು ಗೋಡೆಗೆ ಇಳಿಯುತ್ತೆ. ಒಣಗುವಾಗ ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪನ್ನು ಹೊರಕ್ಕೆ ತರುತ್ತೆ, ಅದೇ ಆ ಬಿಳಿ ಪುಡಿ. ನೀರು ನಿಲ್ಲಿಸದೆ ಬಣ್ಣ ಹೊಡೆದರೆ ಮತ್ತೆ ಉಬ್ಬುತ್ತೆ. ಕೊಂಡವರು ಮೊದಲ ಮಳೆಗಾಲದಲ್ಲೇ ಫೋನ್ ಮಾಡುತ್ತಾರೆ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಫೋಟೊದಲ್ಲಿ ಹಾಕಿದ್ರೆ ರೇಟು ಬಿದ್ದು ಹೋಗಲ್ವಾ?" ಅಂತ ಕೇಳಿದರು. ಪ್ರಶ್ನೆ ಸರಿಯಾಗೇ ಇತ್ತು. ಬೀಳುತ್ತೆ ಸಾರ್, ಆದರೆ ಎಷ್ಟು ಬೀಳುತ್ತೆ ಅನ್ನೋದು ನಿಮ್ಮ ಕೈಯಲ್ಲೇ ಇರುತ್ತೆ ಅಂದೆ. ಅವರು ಪ್ಲಂಬರ್ ಮತ್ತು ಮೇಸ್ತ್ರಿಯನ್ನು ಕರೆಸಿ ಅಂದಾಜು ಕೇಳಿದರು. ಪೈಪ್ ಜಾಯಿಂಟ್ ಬಿಚ್ಚಿ, ಟೈಲ್ಸ್ ಸಂದಿ ತುಂಬಿ, ಗಾರೆ ಕಿತ್ತು ಹೊಸದು ಹಾಕಲು 35 ಸಾವಿರ ಅಂದರು. ನಾನು ಹಾಲ್‌ನ ಪೂರ್ತಿ ಫೋಟೊ ಒಂದು, ಆ ಗೋಡೆಯ ಹತ್ತಿರದ ಫೋಟೊ ಇನ್ನೊಂದು ಕೊಟ್ಟು ಕೆಳಗೆ ಹೀಗೆ ಬರೆದೆ: 'ಬಾತ್‌ರೂಮ್ ಪಕ್ಕದ ಗೋಡೆಯಲ್ಲಿ ಎರಡು ಅಡಿವರೆಗೆ ತೇವ ಇದೆ. ರಿಪೇರಿ ಅಂದಾಜು 35 ಸಾವಿರ. ಹಾಲ್ ಫೋಟೊದಲ್ಲಿ ಒಂದು ವೈರ್, ಕ್ಯಾಲೆಂಡರ್ ದಾರ ಅಳಿಸಿದೆ. ಮೂಲ ಫೋಟೊ ಕೇಳಿದರೆ ಕಳಿಸುತ್ತೇವೆ.'

ಮೊದಲು ಫೋನ್ ಮಾಡಿದ ಇಬ್ಬರು ತೇವ ಅಂದ ಕೂಡಲೇ ಬೇಡ ಅಂದರು. ಮೂರನೆಯವರು ಬೆಂಗಳೂರಲ್ಲಿ ಕೆಲಸದಲ್ಲಿರುವ ಚನ್ನರಾಯಪಟ್ಟಣದ ಹುಡುಗ. ಒಬ್ಬ ಮೇಸ್ತ್ರಿಯನ್ನು ಜೊತೆಗೇ ಕರೆತಂದ. ಚೌಕಾಸಿಯಲ್ಲಿ 50 ಸಾವಿರ ಬಿಡಿಸಿಕೊಂಡ. ಅಂದಾಜಿಗಿಂತ 15 ಸಾವಿರ ಜಾಸ್ತಿ ಹೋಯ್ತು ಅಂತ ಮೇಷ್ಟ್ರ ಮನೆಯವರಿಗೆ ಈಗಲೂ ಬೇಜಾರಿದೆ, ಅದು ಸುಳ್ಳಲ್ಲ. ಆದರೆ ನೋಂದಣಿ ಆದ ಮೇಲೆ ಆ ಗೋಡೆಯ ವಿಷಯಕ್ಕೆ ಅವರಿಗೆ ಒಂದು ಫೋನೂ ಬಂದಿಲ್ಲ.

ಗೆರೆ ಮಸುಕಾಗುವ ಜಾಗಗಳು

ಪ್ರತಿ ಊರಿನಲ್ಲೂ ಒಂದೊಂದು ಥರದ ಆಸೆ. ಅರಕಲಗೂಡಿನಿಂದ ಪಶ್ಚಿಮಕ್ಕೆ ಹೋದ ಹಾಗೆ ಮಳೆ ಜಾಸ್ತಿ. ಅಲ್ಲಿನ ಹೆಂಚಿನ ಮನೆಗಳಲ್ಲಿ ಸೋರಿದ ನೀರಿನ ಕಂದು ಗೆರೆ ತೊಲೆ ಮೇಲೆ, ಗೋಡೆ ಮೇಲೆ ಇದ್ದೇ ಇರುತ್ತೆ. "ಹೋದ ವರ್ಷವೇ ಹೆಂಚು ಬದಲಾಯಿಸಿದ್ದೀವಿ, ಈಗ ಸೋರಲ್ಲ, ಹಳೇ ಕಲೆ ಅಷ್ಟೇ" ಅಂತಾರೆ. ನಿಜವೇ ಇರಬಹುದು. ಆದರೂ ಕಲೆ ಗೋಡೆ ಮೇಲಿದೆ. ಅಳಿಸೋ ಬದಲು ಒಂದು ಕೋಟ್ ಸುಣ್ಣ ಹೊಡೆಸಿ ಆಮೇಲೆ ಕರೆಯಿರಿ, ಹೆಂಚು ಬದಲಾಯಿಸಿದ ಬಿಲ್ಲನ್ನು ಕೊಳ್ಳುವವರಿಗೆ ತೋರಿಸಿ ಅನ್ನುತ್ತೇನೆ.

ಚನ್ನರಾಯಪಟ್ಟಣದ ಕಡೆ ಕೇಳೋದು ಹೊರಗಿನ ನೋಟದ ಬಗ್ಗೆ. ಕಿಟಕಿ ಆಚೆ ತೆಂಗಿನ ತೋಟ ಚೆನ್ನಾಗಿ ಕಾಣುತ್ತೆ, ನಡುವೆ ಕರೆಂಟ್ ಕಂಬ. "ಕಂಬ ಒಂದು ತೆಗೆದುಬಿಡಿ ಸಾರ್." ಕಂಬ ಮಾಲೀಕರದ್ದಲ್ಲ, ಮನೆಯೊಳಗೂ ಇಲ್ಲ ನಿಜ. ಆದರೆ ಮನೆ ತಗೊಂಡವರು ದಿನಾ ಬೆಳಿಗ್ಗೆ ನೋಡಬೇಕಾದ್ದು ಅದನ್ನೇ. ಬೇರೆ ಕೋನದಿಂದ ಕಂಬ ಬರದ ಹಾಗೆ ಒಂದು ಫೋಟೊ ತೆಗೆಯಬಹುದು, ಜೊತೆಗೆ ಕಂಬ ಕಾಣುವ ಇನ್ನೊಂದು ಫೋಟೊವೂ ಇರಬೇಕು.

ಹಾಸನ ಸಿಟಿಯ ಬಾಡಿಗೆ ರೂಮುಗಳದ್ದು ಅಳತೆಯ ವಿಷಯ. ಮೊಬೈಲಿನ 0.5 ಲೆನ್ಸಿನಲ್ಲಿ 10x10ರ ರೂಮು ಕಲ್ಯಾಣ ಮಂಟಪದ ಹಾಗೆ ಕಾಣುತ್ತೆ. ಅದರ ಜೊತೆ ಮಂಚವನ್ನೂ ಅಳಿಸಿದರೆ ಅಳತೆ ಹಿಡಿಯಲು ಕಣ್ಣಿಗೆ ಆಧಾರವೇ ಉಳಿಯಲ್ಲ. ನಾನು ಬಾಗಿಲ ಮೂಲೆಯಲ್ಲಿ, ಎದೆಮಟ್ಟದಲ್ಲಿ ಹಿಡಿದು 1x ನಲ್ಲೇ ತೆಗೆಯುತ್ತೇನೆ. ಮಂಚವೋ ಕುರ್ಚಿಯೋ ಒಂದಾದರೂ ಫ್ರೇಮಿನಲ್ಲಿರುತ್ತೆ, ಕೆಳಗೆ ಅಡಿ ಲೆಕ್ಕ ಬರೆದಿರುತ್ತೆ.

ಕಾನೂನು ಏನು ಹೇಳುತ್ತೆ

ಇದು ಬರೀ ನನ್ನ ಮನಸ್ಸಿನ ಲೆಕ್ಕ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರೇ ತಿಳಿಸಬೇಕು. ಬಾಡಿಗೆ, ಭೋಗ್ಯಕ್ಕೆ ಕೊಡುವವರಿಗೂ ಅದೇ ಕಾಯ್ದೆಯ 108ನೇ ಕಲಮು ಇಂಥದ್ದೇ ಹೊಣೆ ಹೊರಿಸುತ್ತೆ. ಗೊತ್ತಿದ್ದೂ ಒಂದು ಸಂಗತಿಯನ್ನು ಮೋಸ ಮಾಡಲು ಬಚ್ಚಿಡೋದು 1872ರ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ವಂಚನೆ. ಹೊಸ ಅಪಾರ್ಟ್‌ಮೆಂಟ್, ಲೇಔಟುಗಳಿಗೆ 2016ರ ರೇರಾ ಕಾಯ್ದೆ ಇದೆ. ಜಾಹೀರಾತಿನ ಸುಳ್ಳು ನಂಬಿ ಅಡ್ವಾನ್ಸ್ ಕೊಟ್ಟು ನಷ್ಟವಾದರೆ, ಬಿಲ್ಡರ್ ಪರಿಹಾರ ಕೊಡಬೇಕು ಅಂತ ಅದರ 12ನೇ ಕಲಮು ಹೇಳುತ್ತೆ. ಕೊಂಡವರು ಹಿಂದೆ ಸರಿಯುವುದಾದರೆ ಹಣವನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ಮೇಷ್ಟ್ರ ಹಾಗೆ ತಮ್ಮ ಸ್ವಂತ ಮನೆ ಮಾರುವವರಿಗೆ ರೇರಾ ಅನ್ವಯಿಸಲ್ಲ, ಮೊದಲಿನ ಎರಡು ಕಾಯ್ದೆಗಳು ಅನ್ವಯಿಸುತ್ತವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೋಟೊಗೇ ಅಂತ ಒಂದು ಕಾನೂನು 2026ರ ಜನವರಿ 1ರಿಂದ ಬಂದಿದೆ. ಬ್ರೋಕರುಗಳು ಮನೆ ಫೋಟೊವನ್ನು ತಿದ್ದಿದ್ದರೆ ತಿದ್ದಿದ್ದೇವೆ ಅಂತ ಎದ್ದು ಕಾಣುವ ಹಾಗೆ ಬರೆಯಬೇಕು, ಮೂಲ ಫೋಟೊ ನೋಡಲು ದಾರಿ ಕೊಡಬೇಕು. ಪೀಠೋಪಕರಣ ಅಳಿಸಿದರೂ, ಕಿಟಕಿಯಿಂದ ಕಾಣುವ ಕಂಬ ಅಳಿಸಿದರೂ ಹೇಳಲೇಬೇಕು. ಬೆಳಕು, ಬಣ್ಣ ಸರಿಪಡಿಸಿದ್ದಕ್ಕೆ, ಓರೆ ನೇರ ಮಾಡಿದ್ದಕ್ಕೆ ವಿನಾಯಿತಿ ಇದೆ. ನಮ್ಮಲ್ಲಿ ಆ ಕಾನೂನು ಇಲ್ಲದಿದ್ದರೂ ಒಂದು ಸಾಲು ಬರೆಯೋದಕ್ಕೆ ಖರ್ಚೇನೂ ಇಲ್ಲ.

ನೀವು ನೋಡುವವರಾದರೆ

ಮನೆ ಹುಡುಕುತ್ತಿದ್ದೀರಾ? ಫೋಟೊ ಬಂದ ಕೂಡಲೇ ಮೊದಲು ನೆಲದ ಗೆರೆ ನೋಡಿ. ಟೈಲ್ಸ್ ಸಂದಿ ನೇರ ಬರುತ್ತಾ ಒಂದು ಕಡೆ ಸೊಟ್ಟಗಾಗಿದ್ದರೆ, ಇಲ್ಲಾ ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ನಡುವೆ ಕರಗಿದ್ದರೆ ಅಲ್ಲೇನೋ ಅಳಿಸಿದ್ದಾರೆ. ಆಮೇಲೆ ಕನ್ನಡಿ, ಟಿವಿ ಪರದೆ ನೋಡಿ. ಕೋಣೆಯಲ್ಲಿ ಇಲ್ಲದ ವಸ್ತು ಅದರಲ್ಲಿ ಕಾಣುತ್ತಿರಬಹುದು. ವಸ್ತುವಿಲ್ಲದ ನೆರಳು, ಒಂದೇ ಮಚ್ಚೆ ಗೋಡೆಯ ಎರಡು ಕಡೆ ಅಚ್ಚಿನ ಹಾಗೆ ಬಂದಿರೋದು ಕೂಡ ಅದೇ ಗುರುತು. ಅಳಿಸಿದ್ದಾರೆ ಅಂದ ಮಾತ್ರಕ್ಕೆ ಮೋಸ ಅಂತಲ್ಲ, ಕ್ಯಾಲೆಂಡರ್ ದಾರವೇ ಇದ್ದಿರಬಹುದು. ಏನು ಅಳಿಸಿದ್ದೀರಿ ಅಂತ ಕೇಳಿ, ಮೂಲ ಫೋಟೊ ಕಳಿಸಿ ಅನ್ನಿ. ವಿಡಿಯೊ ಕಾಲ್ ಮಾಡಿ, ಬಾತ್‌ರೂಮಿನ ಪಕ್ಕದ ಗೋಡೆಯ ಬುಡ, ಚಾವಣಿಯ ಮೂಲೆ, ಬೀರುವಿನ ಹಿಂಬದಿ ತೋರಿಸಲು ಹೇಳಿ.

ಈ ಮೂರು ಜಾಗವನ್ನು ತಡಮಾಡದೆ ತೋರಿಸಿದರೆ ಶನಿವಾರದ ಬಸ್ಸಿಗೆ ಟಿಕೆಟ್ ಬುಕ್ ಮಾಡಿ. ಟೋಕನ್ ಅಡ್ವಾನ್ಸ್ ಮಾತ್ರ ಆ ಗೋಡೆಯನ್ನು ನೀವೇ ಕೈಯಿಂದ ಮುಟ್ಟಿ ನೋಡಿದ ಮೇಲೆ.